ಕೈ ಎತ್ತದೆ ಏರುವ ತೆರಿಗೆ: ಸ್ಲ್ಯಾಬ್ ಸೂಚ್ಯಂಕದ ವಿರೋಧಿಗಳಿಗೊಂದು ಪ್ರತ್ಯುತ್ತರ

ಬೆಲೆಗಳು ಎಷ್ಟು ಏರುತ್ತವೆಯೋ ಅದೇ ಪ್ರಮಾಣದಲ್ಲಿ ಆದಾಯ ತೆರಿಗೆಯ ಸ್ಲ್ಯಾಬ್ ಗಡಿಗಳೂ ವರ್ಷ ವರ್ಷ ತಾವಾಗಿಯೇ ಏರುವಂತೆ ಕಾನೂನು ಮಾಡಬೇಕು ಎಂಬುದು ಸರಳ ಬೇಡಿಕೆ. ಅದನ್ನು ವಿರೋಧಿಸುವವರ ಬತ್ತಳಿಕೆಯಲ್ಲಿ ಮಾತ್ರ ಬಾಣಗಳು ಬಹಳ. ಹೀಗೊಂದು ಸಮಸ್ಯೆಯೇ ಇಲ್ಲ ಎಂದು ಒಬ್ಬರು, ಇದ್ದರೂ ಸರ್ಕಾರ ಆಗಾಗ ಸರಿಪಡಿಸುತ್ತಲೇ ಇದೆ ಎಂದು ಇನ್ನೊಬ್ಬರು, ಸರಿಪಡಿಸಲು ಹೊರಟರೆ ಬೊಕ್ಕಸ ಬರಿದಾದೀತು ಎಂದು ಮತ್ತೊಬ್ಬರು. ಎಷ್ಟೋ ಸಲ ಈ ಮೂರೂ ಮಾತು ಒಬ್ಬರ ಬಾಯಿಂದಲೇ, ಒಂದೇ ಉಸಿರಿನಲ್ಲಿ ಬರುತ್ತವೆ. ಇವು ಒಂದರ ಪಕ್ಕ ಒಂದು ಕೂರಬಲ್ಲವೇ ಎಂಬುದನ್ನು ಆಮೇಲೆ ನೋಡೋಣ. ಮೊದಲು ಒಂದೊಂದನ್ನೂ ಅದರ ಪೂರ್ಣ ಬಲದಲ್ಲಿಯೇ ಮುಂದಿಡುತ್ತೇನೆ. ತೂಗಿ ನೋಡುವುದು ಓದುಗರ ಕೆಲಸ.

ಮೊದಲನೆಯ ವಾದ ಎಲ್ಲಕ್ಕಿಂತ ಜನಪ್ರಿಯ, ಕೇಳಲು ತಾಂತ್ರಿಕವಾಗಿಯೂ ಸೊಗಸು. ಮೇಲಿನ ಸ್ಲ್ಯಾಬಿಗೆ ಹೋದರೆ ಇಡೀ ಆದಾಯಕ್ಕೆ ಮೇಲಿನ ದರ ಬೀಳುವುದಿಲ್ಲ, ಗಡಿ ದಾಟಿದ ಭಾಗಕ್ಕಷ್ಟೇ ಬೀಳುತ್ತದೆ. ನೂರು ರೂಪಾಯಿ ಹೆಚ್ಚು ದುಡಿದವನು ಅದರಲ್ಲಿ ಮೂವತ್ತು ಕೊಟ್ಟರೂ ಎಪ್ಪತ್ತು ಅವನಲ್ಲೇ ಉಳಿಯುತ್ತದೆ. ಹಾಗಿದ್ದ ಮೇಲೆ ನಷ್ಟವೆಲ್ಲಿ? ಸ್ಲ್ಯಾಬ್ ದಾಟುವ ಭಯವೆಲ್ಲ ತೆರಿಗೆ ಗೊತ್ತಿಲ್ಲದವರ ಗಾಬರಿ ಎನ್ನುತ್ತಾರೆ ಇವರು.

ದರದ ಬಗ್ಗೆ ಇವರು ಹೇಳುವುದು ಸರಿ. ಆದರೆ ಅದು ಯಾರೂ ಕೇಳದ ಪ್ರಶ್ನೆಗೆ ಕೊಟ್ಟ ಉತ್ತರ. ನಮ್ಮ ಪ್ರಶ್ನೆ ನೂರು ರೂಪಾಯಿ ಹೆಚ್ಚು ದುಡಿದವನದಲ್ಲ. ಅವನು ಹೆಚ್ಚು ದುಡಿಯಲೇ ಇಲ್ಲ. ಅಕ್ಕಿ, ಬಾಡಿಗೆ, ಶಾಲೆಯ ಶುಲ್ಕ ಎಲ್ಲವೂ ಶೇ. 4ರಷ್ಟು ಏರಿದವು, ಅವನ ಸಂಬಳವೂ ಅಷ್ಟೇ ಏರಿತು. ಕೊಳ್ಳುವ ಶಕ್ತಿ ಕಳೆದ ವರ್ಷ ಎಲ್ಲಿತ್ತೋ ಅಲ್ಲೇ ಇದೆ. ಸ್ಲ್ಯಾಬಿನ ಗಡಿ ಮಾತ್ರ ಹಳೆಯ ರೂಪಾಯಿಯಲ್ಲಿಯೇ ನಿಂತಿದೆ. ಆದ್ದರಿಂದ ಮೊದಲಿನಷ್ಟೇ ಅನುಕೂಲಸ್ಥನಾದ ಮನುಷ್ಯ ಕಾನೂನಿನ ಕಣ್ಣಿಗೆ ಈ ವರ್ಷ ಹೆಚ್ಚು ಶ್ರೀಮಂತನಾಗಿ ಕಾಣುತ್ತಾನೆ. ಅರ್ಥಶಾಸ್ತ್ರಜ್ಞರು ಬ್ರ್ಯಾಕೆಟ್ ಕ್ರೀಪ್ ಎನ್ನುವುದು ಇದನ್ನೇ. ಇದಕ್ಕೆ ಗಡಿಯನ್ನು ದಾಟಲೇಬೇಕೆಂದೂ ಇಲ್ಲ. ಒಂದೇ ಸ್ಲ್ಯಾಬಿನೊಳಗೆ ಇದ್ದವನಿಗೂ ಶೂನ್ಯ ತೆರಿಗೆಯ ಪಾಲು, ಕಡಿಮೆ ದರದ ಪಾಲು ಎರಡೂ ಬೆಲೆಯ ಲೆಕ್ಕದಲ್ಲಿ ಕುಗ್ಗುತ್ತ ಹೋಗುತ್ತವೆ. ಸೇರಿನ ತಳಕ್ಕೆ ವರ್ಷಕ್ಕೊಂದು ಪದರ ಮೇಣ ಅಂಟಿಸುತ್ತ ಬಂದ ವ್ಯಾಪಾರಿಯೂ ‘ದರ ಏರಿಸಿಲ್ಲ ಸ್ವಾಮಿ’ ಎಂದು ಆಣೆ ಮಾಡಬಲ್ಲ. ಅವನ ಆಣೆ ಸುಳ್ಳಲ್ಲ, ಅವನ ಸೇರು ಸುಳ್ಳು.

ಒಂದು ಲೆಕ್ಕವನ್ನೇ ಹಾಕೋಣ. ಧಾರವಾಡದ ಸರ್ಕಾರಿ ಕಾಲೇಜಿನ ಅಧ್ಯಾಪಕಿಯೊಬ್ಬರ ವರ್ಷದ ಸಂಬಳ 12,75,000 ರೂಪಾಯಿ ಎಂದುಕೊಳ್ಳಿ. 2025ರ ಬಜೆಟ್ ತಂದ ಹೊಸ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಉಳಿಯುವುದು ಸರಿಯಾಗಿ 12 ಲಕ್ಷ. ಅದರ ಮೇಲೆ ಸ್ಲ್ಯಾಬಿನ ಪ್ರಕಾರ 60,000 ತೆರಿಗೆ ಬರುತ್ತದೆ. 12 ಲಕ್ಷದವರೆಗಿನವರಿಗೆ ಅಷ್ಟೇ ಮೊತ್ತದ ರಿಬೇಟ್ ಇರುವುದರಿಂದ ಅವರು ಕಟ್ಟಬೇಕಾದ್ದು ಶೂನ್ಯ. ಮುಂದಿನ ವರ್ಷ ಬೆಲೆಗಳು ಶೇ. 4ರಷ್ಟು ಏರಿ, ಅವರ ಸಂಬಳವೂ ಅಷ್ಟೇ ಏರಿ, ಸ್ಲ್ಯಾಬ್ ಮಾತ್ರ ಅಲ್ಲಾಡದೆ ನಿಂತಿತು ಎನ್ನಿ. ಸಂಬಳ ಈಗ 13,26,000, ತೆರಿಗೆಗೆ ಒಳಪಡುವ ಆದಾಯ 12,51,000. ರಿಬೇಟ್ ಕೈತಪ್ಪಿತು. ಸ್ಲ್ಯಾಬಿನ ಲೆಕ್ಕದಲ್ಲಿ ತೆರಿಗೆ 67,650. ಆದರೆ 12 ಲಕ್ಷ ದಾಟಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಿರಬಾರದು ಎಂಬ ಅಂಚಿನ ರಿಯಾಯಿತಿ ಕಾನೂನಿನಲ್ಲಿದೆ, ಹಾಗಾಗಿ ಅದು 51,000ಕ್ಕೆ ಇಳಿಯುತ್ತದೆ. ಅದರ ಮೇಲೆ ಶೇ. 4 ಸೆಸ್ ಸೇರಿ ಒಟ್ಟು 53,040. ಸಂಬಳ ಏರಿದ್ದು 51,000, ತೆರಿಗೆ ಏರಿದ್ದು 53,040. ಕೈಗೆ ಬಂದ ನೋಟುಗಳನ್ನು ಎಣಿಸಿದರೇ ಕಳೆದ ವರ್ಷಕ್ಕಿಂತ 2,040 ರೂಪಾಯಿ ಕಡಿಮೆ. ಬೆಲೆ ಏರಿಕೆಯನ್ನು ಇನ್ನೂ ಲೆಕ್ಕಕ್ಕೇ ಹಿಡಿದಿಲ್ಲ. ‘ಎಪ್ಪತ್ತು ರೂಪಾಯಿ ಅವನಲ್ಲೇ ಉಳಿಯುತ್ತದೆ’ ಎಂದವರು ಈ ಅಧ್ಯಾಪಕಿಯ ಎದುರು ಕೂತು ಆ ಎಪ್ಪತ್ತನ್ನು ಹುಡುಕಿಕೊಡಲಿ.

ಇದೇ ಲೆಕ್ಕವನ್ನು ಸೂಚ್ಯಂಕದೊಂದಿಗೆ ಮಾಡಿ ನೋಡಿ. ಎಲ್ಲ ಮಿತಿಗಳೂ ಶೇ. 4 ಏರುತ್ತವೆ. 4 ಲಕ್ಷದ ಗಡಿ 4,16,000, 8 ಲಕ್ಷದ್ದು 8,32,000, 12 ಲಕ್ಷದ್ದು 12,48,000 ಆಗುತ್ತದೆ. ಸ್ಟ್ಯಾಂಡರ್ಡ್ ಡಿಡಕ್ಷನ್ 78,000, ರಿಬೇಟ್ 62,400. ಸಂಬಳ 13,26,000ದಲ್ಲಿ 78,000 ಕಳೆದರೆ 12,48,000. ಬರುವ ತೆರಿಗೆ 62,400, ಸಿಗುವ ರಿಬೇಟೂ 62,400. ಕಳೆದ ವರ್ಷ ಶೂನ್ಯ, ಈ ವರ್ಷವೂ ಶೂನ್ಯ. ಯಾರಿಗೂ ಹೊಸ ರಿಯಾಯಿತಿ ಸಿಕ್ಕಿಲ್ಲ. ಇದ್ದದ್ದು ಇದ್ದ ಹಾಗೇ ಉಳಿಯಿತು, ಅಷ್ಟೆ. ಗಮನಿಸಬೇಕಾದ ವಿಷಯವೊಂದಿದೆ: ಸ್ಲ್ಯಾಬ್ ಮಾತ್ರ ಏರಿಸಿ ರಿಬೇಟ್ ಮಿತಿಯನ್ನೋ ಡಿಡಕ್ಷನ್ನನ್ನೋ ಹಾಗೇ ಬಿಟ್ಟರೆ ಈ ಲೆಕ್ಕ ಕೂಡುವುದಿಲ್ಲ. ಸೂಚ್ಯಂಕವೆಂದರೆ ರೂಪಾಯಿಯಲ್ಲಿ ಬರೆದ ಪ್ರತಿ ಮಿತಿಯೂ ಒಟ್ಟಿಗೆ ಚಲಿಸಬೇಕು.

ರಿಬೇಟಿನ ಅಂಚಿನಲ್ಲಿ ನಿಂತವರನ್ನೇ ಬೇಕೆಂದು ಹುಡುಕಿ ತಂದಿರಿ ಎಂದು ಆಕ್ಷೇಪಿಸಬಹುದು. ಒಪ್ಪಿದೆ, ಅಂಚನ್ನು ಬಿಟ್ಟುಬಿಡೋಣ. ಹುಬ್ಬಳ್ಳಿಯಲ್ಲಿ ಸ್ವಂತ ಕ್ಲಿನಿಕ್ ಇಟ್ಟುಕೊಂಡ ವೈದ್ಯರೊಬ್ಬರನ್ನು ಕಲ್ಪಿಸಿಕೊಳ್ಳಿ. 2012-13ರಲ್ಲಿ ಅವರ ತೆರಿಗೆಗೆ ಒಳಪಡುವ ಆದಾಯ 10 ಲಕ್ಷ. ಆಗ 2 ಲಕ್ಷದವರೆಗೆ ತೆರಿಗೆಯಿಲ್ಲ, 5 ಲಕ್ಷದವರೆಗೆ ಶೇ. 10, 10 ಲಕ್ಷದವರೆಗೆ ಶೇ. 20. ಶೇ. 3 ಸೆಸ್ ಸೇರಿ ಅವರು ಕಟ್ಟಿದ್ದು 1,33,900, ಅಂದರೆ ಆದಾಯದ ಶೇ. 13.4. ಆದಾಯ ತೆರಿಗೆ ಇಲಾಖೆಯೇ ಆಸ್ತಿ ಮಾರಾಟದ ಲಾಭಕ್ಕಾಗಿ ಪ್ರತಿ ವರ್ಷ ಪ್ರಕಟಿಸುವ ವೆಚ್ಚ ಹಣದುಬ್ಬರ ಸೂಚ್ಯಂಕ ಆ ವರ್ಷ 200 ಇತ್ತು, 2019-20ರಲ್ಲಿ 289 ಆಯಿತು. ಆ ಅಳತೆಯಲ್ಲಿ 2012ರ 10 ಲಕ್ಷವೆಂದರೆ 2019ರ 14,45,000. ವೈದ್ಯರ ಆದಾಯ ಕರಾರುವಾಕ್ಕಾಗಿ ಅಷ್ಟೇ ಏರಿತು ಎನ್ನಿ, ಒಂದು ಪೈಸೆಯೂ ಹೆಚ್ಚಲ್ಲ. 2019-20ರಲ್ಲಿ ಅವರು ಕಟ್ಟಬೇಕಾದ್ದು 2,55,840, ಅಂದರೆ ಶೇ. 17.7. ಅದೇ ಮನುಷ್ಯ, ಅದೇ ಕ್ಲಿನಿಕ್, ಅದೇ ಕೊಳ್ಳುವ ಶಕ್ತಿ. ತೆರಿಗೆಯ ಪಾಲು ಮಾತ್ರ ಶೇ. 13.4ರಿಂದ 17.7ಕ್ಕೆ ಏರಿದೆ. 2012ರ ಸ್ಲ್ಯಾಬ್‌ಗಳು ಸೂಚ್ಯಂಕದ ಜೊತೆ ನಡೆದು ಬಂದಿದ್ದರೆ, 2018ರಲ್ಲಿ ಶೇ. 4ಕ್ಕೆ ಏರಿದ ಸೆಸ್ ಸೇರಿಸಿಯೂ ಅವರು ಕಟ್ಟಬೇಕಿದ್ದದ್ದು 1,95,364. ಒಂದೇ ವರ್ಷದಲ್ಲಿ 60,000 ರೂಪಾಯಿಗೂ ಮೇಲೆ ವ್ಯತ್ಯಾಸ. ಈ ಅವಧಿಯಲ್ಲಿ ದರ ಏರಿಸುವ ಮಸೂದೆಯೇನೂ ಇವರ ಮಟ್ಟಿಗೆ ಬರಲಿಲ್ಲ. ಆ ಶೇಕಡಾ ಒಂದು ಸೆಸ್ ಬಿಟ್ಟರೆ ಮಿಕ್ಕದ್ದೆಲ್ಲ 5 ಲಕ್ಷ ಮತ್ತು 10 ಲಕ್ಷದ ಗಡಿಗಳು 2012ರಿಂದ ಕದಲದೆ ನಿಂತದ್ದರ ಫಲ.

ಈ ಲೆಕ್ಕದಲ್ಲಿ ಒಂದು ಸಂಗತಿ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. 2014ರಲ್ಲಿ ವಿನಾಯಿತಿ ಮಿತಿ 2.5 ಲಕ್ಷಕ್ಕೆ ಏರಿದ್ದು, 2017ರಲ್ಲಿ ಮೊದಲ ಸ್ಲ್ಯಾಬಿನ ದರ ಶೇ. 10ರಿಂದ 5ಕ್ಕೆ ಇಳಿದದ್ದು, ಎರಡೂ 2,55,840ರೊಳಗೆ ಸೇರಿವೆ. ಅಂದರೆ ಎರಡು ಬಜೆಟ್‌ಗಳಲ್ಲಿ ಮೇಜು ಕುಟ್ಟಿ ಸ್ವಾಗತಿಸಿದ ಎರಡು ಕೊಡುಗೆಗಳನ್ನು ಪಡೆದ ಮೇಲೂ ವೈದ್ಯರು ಇಷ್ಟು ಹಿಂದೆ ಬಿದ್ದಿದ್ದರು.

ಇಲ್ಲಿಗೆ ಎರಡನೆಯ ವಾದ ತಾನಾಗಿ ಬಂದು ನಿಲ್ಲುತ್ತದೆ. ಸರ್ಕಾರ ಸ್ಲ್ಯಾಬ್‌ಗಳನ್ನು ಕಾಲಕಾಲಕ್ಕೆ ಪರಿಷ್ಕರಿಸುತ್ತದೆ, 2025ರ ಬಜೆಟ್‌ನಲ್ಲಂತೂ ಹಿಂದಿನ ಬಾಕಿಯನ್ನೆಲ್ಲ ಬಡ್ಡಿ ಸಮೇತ ತೀರಿಸಿದೆ, ಇನ್ನು ಸೂಚ್ಯಂಕ ಯಾಕೆ ಎಂಬುದು ಅದರ ಸಾರ. ಮೊದಲು ಕೊಡಬೇಕಾದ ಶ್ರೇಯವನ್ನು ಕೊಡೋಣ. 2025-26ರಲ್ಲಿ ಸೂಚ್ಯಂಕ 376. ವೈದ್ಯರ 2012ರ 10 ಲಕ್ಷ ಈಗ 18,80,000. ಹೊಸ ಪದ್ಧತಿಯಲ್ಲಿ ಅದರ ತೆರಿಗೆ ಸೆಸ್ ಸೇರಿ 1,83,040, ಶೇ. 10ಕ್ಕಿಂತಲೂ ಕಡಿಮೆ. ಆ ವರ್ಷದ ಮಟ್ಟಿಗೆ ಇದು ಬರೀ ತಿದ್ದುಪಡಿಯಲ್ಲ, ನಿಜವಾದ ಕಡಿತ. ಇದನ್ನು ಅಲ್ಲಗಳೆಯುವವರು ಲೆಕ್ಕ ಬಲ್ಲವರಲ್ಲ.

ಆದರೆ ಈ ವಾದ ಏನನ್ನು ಸಾಬೀತು ಮಾಡಿತು? ಒಂದು ಗಡಿಯನ್ನು ಸರಿಪಡಿಸಲು ಹದಿಮೂರು ವರ್ಷ ಬೇಕಾಯಿತು ಎಂಬುದನ್ನು. ನಡುವಿನ ವರ್ಷಗಳಲ್ಲಿ ಹೆಚ್ಚುವರಿಯಾಗಿ ಹೋದ ಹಣ ಯಾರಿಗೂ ವಾಪಸ್ ಬಂದಿಲ್ಲ, ‘ಬಡ್ಡಿ ಸಮೇತ’ ಎಂಬುದು ಸೊಗಸಾದ ಮಾತು ಅಷ್ಟೆ. ಎರಡನೆಯದಾಗಿ, ಪರಿಹಾರ ಬಂದದ್ದು ಹೊಸ ಪದ್ಧತಿಗೆ ಹೋದವರಿಗೆ. ಮನೆ ಸಾಲದ ಬಡ್ಡಿ, ಬಾಡಿಗೆ ಭತ್ಯೆ, ಎಲ್‌ಐಸಿ ಕಂತುಗಳ ವಿನಾಯಿತಿ ನೆಚ್ಚಿಕೊಂಡು ಹಳೆಯ ಪದ್ಧತಿಯಲ್ಲೇ ಉಳಿದವರಿಗೆ 2025ರ ಬಜೆಟ್ ಏನನ್ನೂ ಕೊಡಲಿಲ್ಲ. ಅಲ್ಲಿ ಶೇ. 30ರ ದರ ಶುರುವಾಗುವುದು ಇನ್ನೂ 2012ರ ಅದೇ 10 ಲಕ್ಷಕ್ಕೆ, ವಿನಾಯಿತಿ ಮಿತಿ ಇನ್ನೂ 2014ರ ಅದೇ 2.5 ಲಕ್ಷ. ಸರ್ಕಾರ ಆಗಾಗ ಪರಿಷ್ಕರಿಸುತ್ತದೆ ಎನ್ನುವವರು ಈ ‘ಆಗಾಗ’ ಎಂದರೆ ಎಷ್ಟು ಎಂದು ಹೇಳಬೇಕು. ಉದ್ಯೋಗದಾತರು ಕೊಡುವ ಮಕ್ಕಳ ಶಿಕ್ಷಣ ಭತ್ಯೆಗಿದ್ದ ವಿನಾಯಿತಿಯನ್ನೇ ನೋಡಿ. ದಶಕಗಳ ಕಾಲ ಅದು ಒಂದು ಮಗುವಿಗೆ ತಿಂಗಳಿಗೆ 100 ರೂಪಾಯಿಯಲ್ಲೇ ಕೂತಿತ್ತು. ನೂರು ರೂಪಾಯಿಗೆ ತಿಂಗಳಿಡೀ ಕಲಿಸುವ ಶಾಲೆಯ ವಿಳಾಸ ಹಣಕಾಸು ಸಚಿವಾಲಯದ ಕಡತಗಳಲ್ಲಿ ಇದ್ದಿರಬೇಕು.

ಮೂರನೆಯದು ಇನ್ನೂ ಮುಖ್ಯ. 2025ರ ಗಡಿಗಳೂ ರೂಪಾಯಿಯಲ್ಲಿ ಬರೆದ, ಅಲ್ಲಾಡದ ಗಡಿಗಳೇ. ಬರೆದ ಮರುದಿನದಿಂದಲೇ ಅವೂ ಸವೆಯತೊಡಗುತ್ತವೆ. ಇದಕ್ಕೆ ಸಾಕ್ಷಿ ಹೊಸ ಪದ್ಧತಿಯೇ. 2020ರಲ್ಲಿ ಅದು ಹುಟ್ಟಿದಾಗ ಶೇ. 30ರ ಗಡಿ 15 ಲಕ್ಷ. 2023ರಲ್ಲಿ ಸ್ಲ್ಯಾಬ್ ಬದಲಾದಾಗಲೂ 15, 2024ರಲ್ಲಿ ಮತ್ತೆ ಬದಲಾದಾಗಲೂ 15. ಅಷ್ಟರಲ್ಲಿ ಸೂಚ್ಯಂಕ 301ರಿಂದ 363ಕ್ಕೆ, ಅಂದರೆ ಐದರಲ್ಲೊಂದು ಭಾಗದಷ್ಟು ಮೇಲಕ್ಕೆ ಹೋಗಿತ್ತು. ಎರಡೆರಡು ಸಲ ಸ್ಲ್ಯಾಬ್ ಪಟ್ಟಿಗೆ ಕೈ ಹಾಕಿದ ಸರ್ಕಾರ ಆ ಗಡಿಯನ್ನು ಮುಟ್ಟಲಿಲ್ಲ.

ಕಾಲಕಾಲಕ್ಕೆ ಸರಿಪಡಿಸಿದರೆ ಸಾಕು ಎಂಬ ನಂಬಿಕೆ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಅಮೆರಿಕದ ಕನಿಷ್ಠ ತೆರಿಗೆಯ ಕಥೆಗಿಂತ ಒಳ್ಳೆಯ ಪಾಠವಿಲ್ಲ. 155 ಮಂದಿ ಭಾರಿ ಆದಾಯದವರು ಒಂದು ಡಾಲರ್ ಆದಾಯ ತೆರಿಗೆಯನ್ನೂ ಕಟ್ಟಿಲ್ಲ ಎಂಬ ಸುದ್ದಿ ಗದ್ದಲವೆಬ್ಬಿಸಿ, 1969ರಲ್ಲಿ ಅಂಥವರಿಗಾಗಿ ಒಂದು ಕನಿಷ್ಠ ತೆರಿಗೆ ಬಂತು. ಅದು ಬೆಳೆದು ಇಂದಿನ ರೂಪ ಪಡೆದಾಗಲೂ ಅದರ ವಿನಾಯಿತಿ ಮಿತಿಯನ್ನು ಬೆಲೆಗೆ ಜೋಡಿಸಲಿಲ್ಲ. ಮಾಮೂಲಿ ಆದಾಯ ತೆರಿಗೆಯ ಗಡಿಗಳು 1981ರ ಕಾನೂನಿನ ಪ್ರಕಾರ 1985ರಿಂದ ಪ್ರತಿ ವರ್ಷ ತಾವಾಗಿ ಏರುತ್ತ ಬಂದವು, ಇದು ಮಾತ್ರ ನಿಂತಲ್ಲೇ ನಿಂತಿತು. ಬಲು ದೊಡ್ಡ ಶ್ರೀಮಂತರಿಗೆಂದು ಬೀಸಿದ ಬಲೆಗೆ ಕೊನೆಗೆ ಲಕ್ಷಾಂತರ ಮಧ್ಯಮ ವರ್ಗದ ಕುಟುಂಬಗಳು ಸಿಕ್ಕಿಬಿದ್ದವು. ಅವರನ್ನು ಬಿಡಿಸಲು ಸಂಸತ್ತು ಪದೇ ಪದೇ ತಾತ್ಕಾಲಿಕ ತೇಪೆ ಹಾಕಬೇಕಾಯಿತು. 2013ರ ಜನವರಿಯಲ್ಲಿ ಅದನ್ನೂ ಸೂಚ್ಯಂಕಕ್ಕೆ ಜೋಡಿಸಿದ ಮೇಲೆಯೇ ಆ ಗೋಳು ತಪ್ಪಿದ್ದು. ಒಂದೇ ದೇಶ, ಒಂದೇ ಹಣದುಬ್ಬರ, ಎರಡು ಬಗೆಯ ಗಡಿ. ಇದಕ್ಕಿಂತ ಶುದ್ಧವಾದ ಪ್ರಯೋಗವನ್ನು ಯಾರೂ ಬೇಕೆಂದು ಏರ್ಪಡಿಸಲಾರರು.

ಮೂರನೆಯ ವಾದ ಬೊಕ್ಕಸದ್ದು. ಸ್ಲ್ಯಾಬ್ ಪ್ರತಿ ವರ್ಷ ಏರಿದರೆ ಸರ್ಕಾರ ಸಾವಿರಾರು ಕೋಟಿ ಕಳೆದುಕೊಳ್ಳುತ್ತದೆ, ರಸ್ತೆ, ರೈಲು, ರಕ್ಷಣೆಗೆ ಹಣ ಎಲ್ಲಿಂದ ಬರಬೇಕು? ‘ಕಳೆದುಕೊಳ್ಳುತ್ತದೆ’ ಎಂಬ ಮಾತನ್ನು ಒರೆಗೆ ಹಚ್ಚಿ ನೋಡಿ. ಬೆಲೆ ಮತ್ತು ಆದಾಯ ಎರಡೂ ಶೇ. 4 ಏರಿ ಸ್ಲ್ಯಾಬೂ ಶೇ. 4 ಏರಿದರೆ, ಪ್ರತಿಯೊಬ್ಬರ ತೆರಿಗೆಯೂ ಸರಿಯಾಗಿ ಶೇ. 4 ಏರುತ್ತದೆ. ಸರ್ಕಾರ ಕೊಳ್ಳುವ ಸಿಮೆಂಟ್ ಎಷ್ಟು ತುಟ್ಟಿಯಾಯಿತೋ ಅದರ ವರಮಾನವೂ ಅಷ್ಟೇ ಏರಿತು. ಜನ ನಿಜವಾಗಿ ಮುಂದೆ ಬಂದರೆ, ಬೆಲೆಗಿಂತ ವೇಗವಾಗಿ ಆದಾಯ ಬೆಳೆದರೆ, ಅವರು ಮೇಲಿನ ಸ್ಲ್ಯಾಬಿಗೆ ಹೋಗಿಯೇ ಹೋಗುತ್ತಾರೆ. ಅದನ್ನು ಸೂಚ್ಯಂಕ ತಡೆಯುವುದಿಲ್ಲ, ತಡೆಯಬಾರದು ಕೂಡ. ಸರ್ಕಾರಕ್ಕೆ ತಪ್ಪುವುದು ಬೆಲೆ ಏರಿದ್ದರಿಂದಲೇ ಹುಟ್ಟುವ ಹೆಚ್ಚುವರಿ ಪಾಲು ಮಾತ್ರ. ಅದೂ ಬೇಕೇ ಬೇಕೆಂದರೆ ದಾರಿ ಇದ್ದೇ ಇದೆ. ಹಣಕಾಸು ಮಸೂದೆಯಲ್ಲಿ ದರ ಏರಿಸಿ, ಲೋಕಸಭೆಯಲ್ಲಿ ಕೈ ಎತ್ತಿ, ಮರುದಿನದ ಪತ್ರಿಕೆಯ ತಲೆಬರಹವನ್ನು ಎದುರಿಸಬಹುದು. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ ಎನ್ನುತ್ತದೆ ಸಂವಿಧಾನದ 265ನೆಯ ವಿಧಿ. ಗಡಿಗಳನ್ನು ಅಲ್ಲಾಡಿಸದೆ ಬಿಡುವುದು ಆ ವಿಧಿಯ ಅಕ್ಷರವನ್ನು ಮುರಿಯುವುದಿಲ್ಲ, ನಿಜ. ಯಾರೂ ಕೈ ಎತ್ತದೆ ತೆರಿಗೆ ಏರುವ ಈ ವ್ಯವಸ್ಥೆ ಆ ವಿಧಿಯ ಆಶಯಕ್ಕೆ ಎಷ್ಟು ಹತ್ತಿರ ಎಂಬುದನ್ನು ಓದುಗರೇ ಹೇಳಲಿ.

ಈಗ ಆ ಮೂರು ವಾದಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸೋಣ. ಬ್ರ್ಯಾಕೆಟ್ ಕ್ರೀಪ್‌ನಿಂದ ಯಾರಿಗೂ ಹೇಳಿಕೊಳ್ಳುವಂಥ ನಷ್ಟವಿಲ್ಲ ಎನ್ನುತ್ತದೆ ಮೊದಲನೆಯದು. ಅದನ್ನು ತಡೆದರೆ ಸರ್ಕಾರಕ್ಕೆ ಭಾರಿ ನಷ್ಟ ಎನ್ನುತ್ತದೆ ಮೂರನೆಯದು. ತೆರಿಗೆಯಲ್ಲಿ ಸರ್ಕಾರಕ್ಕೆ ಬರುವ ಪ್ರತಿ ರೂಪಾಯಿಯೂ ಯಾರದೋ ಕಿಸೆಯಿಂದ ಹೋದ ರೂಪಾಯಿ. ಯಾರೂ ಕಳೆದುಕೊಳ್ಳದ ಸಾವಿರಾರು ಕೋಟಿ ಸರ್ಕಾರದ ಕೈಗೆ ಎಲ್ಲಿಂದ ಬಂತು? ಇನ್ನು ಸರ್ಕಾರ ತಾನಾಗಿಯೇ ಎಲ್ಲವನ್ನೂ ಕೊಟ್ಟು ತೀರಿಸುತ್ತದೆ ಎಂಬ ಎರಡನೆಯ ವಾದ ನಿಜವಾದರೆ, ಸೂಚ್ಯಂಕದಿಂದ ಹೊಸದಾಗಿ ಆಗುವ ನಷ್ಟವೇನೂ ಇರಬಾರದು. ಎದುರಾಳಿಗಳು ಈ ಮೂರರಲ್ಲಿ ಯಾವುದಾದರೂ ಒಂದನ್ನು ಆರಿಸಿಕೊಳ್ಳಲಿ. ಮೂರನ್ನೂ ಹಿಡಿದುಕೊಂಡರೆ ಅವು ಒಂದನ್ನೊಂದು ತಿಂದುಹಾಕುತ್ತವೆ, ನನ್ನ ಪ್ರತ್ಯುತ್ತರದ ಅಗತ್ಯವೇ ಬೀಳುವುದಿಲ್ಲ.

ನಾಲ್ಕನೆಯ ವಾದ ನೈತಿಕ ಪೋಷಾಕು ತೊಟ್ಟು ಬರುತ್ತದೆ. ಈ ದೇಶದಲ್ಲಿ ಆದಾಯ ತೆರಿಗೆ ಕಟ್ಟುವವರೇ ಕೆಲವರು, ಸೂಚ್ಯಂಕದಿಂದ ಲಾಭವಾಗುವುದು ಉಳ್ಳವರಿಗೆ, ಹೀಗಿರುವಾಗ ಬಡವರ ದೇಶಕ್ಕೆ ಈ ಚರ್ಚೆ ಶೋಭೆಯೇ? ಲೆಕ್ಕ ಹಾಕೋಣ. 2025ರ ಸ್ಲ್ಯಾಬ್‌ಗಳನ್ನು ಶೇ. 4 ಏರಿಸಿದರೆ, ಶೇ. 30ರ ಗಡಿಯಿಂದಾಚೆ ಇರುವ ಎಲ್ಲರಿಗೂ ಸಿಗುವ ಉಳಿತಾಯ ಒಂದೇ ಮೊತ್ತ, ಸೆಸ್ ಬಿಟ್ಟು 16,800 ರೂಪಾಯಿ. ಆದಾಯ 25 ಲಕ್ಷವಿರಲಿ, 5 ಕೋಟಿಯಿರಲಿ, ಸರ್ಚಾರ್ಜ್ ಬದಿಗಿಟ್ಟರೆ ಇದು ಬದಲಾಗದು. 25 ಲಕ್ಷದವರಿಗೆ ಅದು ಆದಾಯದ ಶೇ. 0.67, 5 ಕೋಟಿಯವರಿಗೆ ಶೇ. 0.03. ಕಾರಣ ಸರಳ. ಕೋಟ್ಯಧಿಪತಿಯ ಆದಾಯದ ಬಹುಪಾಲು ಈಗಾಗಲೇ ತುತ್ತತುದಿಯ ಸ್ಲ್ಯಾಬಿನಲ್ಲಿದೆ, ಹಣದುಬ್ಬರ ಅವರನ್ನು ಅಲ್ಲಿಂದ ಮೇಲಕ್ಕೆ ಎಲ್ಲಿಗೂ ತಳ್ಳಲಾರದು. ಅದು ತಳ್ಳುವುದು ಕೆಳಗಿನ, ನಡುವಿನ ಮೆಟ್ಟಿಲುಗಳಲ್ಲಿ ನಿಂತವರನ್ನು. ಧಾರವಾಡದ ಅಧ್ಯಾಪಕಿಗೆ ಆದ ಏಟು 53,040, 5 ಕೋಟಿಯವರಿಗೆ ಅದರ ಮೂರನೇ ಒಂದು ಪಾಲಿಗಿಂತ ತುಸು ಕಡಿಮೆ. ಶ್ರೀಮಂತರ ಮೇಲೆ ಹೆಚ್ಚು ತೆರಿಗೆ ಹಾಕಬೇಕೆಂಬ ಕಳಕಳಿ ಇರುವವರು ಅದನ್ನು ನೇರವಾಗಿ ಹಾಕಲಿ, ನನ್ನ ತಕರಾರಿಲ್ಲ. ಶ್ರೀಮಂತರ ಹೆಸರಿನಲ್ಲಿ ಅಧ್ಯಾಪಕಿಯ ಚೀಲಕ್ಕೆ ಕೈ ಹಾಕುವುದು ಸಮಾನತೆಯಲ್ಲ.

ಇದಕ್ಕೆ ಅಂಟಿಕೊಂಡಿರುವ ಇನ್ನೊಂದು ಮಾತು: ಸರ್ಕಾರಿ ನೌಕರರಿಗೆ ಜನವರಿ ಮತ್ತು ಜುಲೈನಲ್ಲಿ ತುಟ್ಟಿಭತ್ಯೆ ಏರುತ್ತದಲ್ಲ, ಬೆಲೆ ಏರಿಕೆಗೆ ಪರಿಹಾರ ಅಲ್ಲೇ ಸಿಕ್ಕಿತಲ್ಲ? ಸಿಕ್ಕಿತು. ಆದರೆ ತುಟ್ಟಿಭತ್ಯೆ ಪೂರ್ತಿಯಾಗಿ ತೆರಿಗೆಗೆ ಒಳಪಡುವ ಆದಾಯ. ಅಧ್ಯಾಪಕಿಯನ್ನು 12 ಲಕ್ಷದ ಗಡಿಯಾಚೆ ನೂಕಿದ್ದು ಅದೇ. ಒಂದು ಕೈಯಿಂದ ಪರಿಹಾರವೆಂದು ಕೊಟ್ಟದ್ದನ್ನು ಇನ್ನೊಂದು ಕೈ ಸಮೃದ್ಧಿಯೆಂದು ಎಣಿಸಿಕೊಳ್ಳುತ್ತಿದೆ.

ಐದನೆಯ ವಾದ ಅರ್ಥಶಾಸ್ತ್ರದ ಪಠ್ಯಪುಸ್ತಕದಿಂದ ಬಂದದ್ದು, ಉಳಿದವಕ್ಕಿಂತ ಗೌರವಕ್ಕೆ ಅರ್ಹ. ಆರ್ಥಿಕತೆ ಕಾವೇರಿದಾಗ ಜನ ಮೇಲಿನ ಸ್ಲ್ಯಾಬಿಗೆ ಹೋಗಿ ಹೆಚ್ಚು ತೆರಿಗೆ ಕಟ್ಟುತ್ತಾರೆ, ಅವರ ಖರ್ಚು ತಗ್ಗುತ್ತದೆ, ಬೆಲೆ ತಾನಾಗಿ ತಣ್ಣಗಾಗುತ್ತದೆ. ಸೂಚ್ಯಂಕ ತಂದರೆ ಈ ಸ್ವಯಂಚಾಲಿತ ಬ್ರೇಕ್ ಕಿತ್ತುಹೋಗುತ್ತದೆ ಎಂಬುದು ಭಯ. ಮೊದಲ ಉತ್ತರ, ಬ್ರೇಕ್ ಪೂರ್ತಿ ಕಿತ್ತುಹೋಗುವುದಿಲ್ಲ. ಉಬ್ಬರದ ಕಾಲದಲ್ಲಿ ಆದಾಯ ಬೆಲೆಗಿಂತ ಮುಂದೆ ಓಡಿದಷ್ಟೂ ತೆರಿಗೆ ಸೂಚ್ಯಂಕದ ಕೆಳಗೂ ಹೆಚ್ಚೇ ಬೀಳುತ್ತದೆ. ಎರಡನೆಯ ಉತ್ತರ ನಮ್ಮ ಹಣದುಬ್ಬರದ ಗುಣದಲ್ಲಿದೆ. 2023ರ ಜುಲೈನಲ್ಲಿ ಚಿಲ್ಲರೆ ಹಣದುಬ್ಬರ ಶೇ. 7.44 ಮುಟ್ಟಿತು. ಜನ ಖರ್ಚು ಮಾಡಿ ಮಾಡಿ ಅದನ್ನು ಅಲ್ಲಿಗೇರಿಸಿದರೇ? ಇಲ್ಲ, ಟೊಮೆಟೊ ಮತ್ತು ಇತರ ತರಕಾರಿಗಳ ಬೆಲೆ ಮುಗಿಲಿಗೇರಿತ್ತು. ಬೆಳೆ ಕೈಕೊಟ್ಟದ್ದಕ್ಕೋ ಕಚ್ಚಾತೈಲ ತುಟ್ಟಿಯಾದದ್ದಕ್ಕೋ ಅಡುಗೆಮನೆಯ ಖರ್ಚು ಏರಿದ ವರ್ಷವೇ ತೆರಿಗೆಯ ಪಾಲನ್ನೂ ಏರಿಸುವುದು ಬ್ರೇಕ್ ಹಾಕಿದಂತಲ್ಲ, ಬಿದ್ದವನ ಮೇಲೊಂದು ಗುದ್ದು. ಮೂರನೆಯದನ್ನು ಈ ಪಂಡಿತರು ಎತ್ತುವುದೇ ಇಲ್ಲ. ಹಣದುಬ್ಬರದಿಂದ ವರಮಾನ ಗಳಿಸುವ ಸರ್ಕಾರಕ್ಕೆ ಅದನ್ನು ತಗ್ಗಿಸುವ ಆತುರ ಒಂದಿಷ್ಟಾದರೂ ಕಡಿಮೆಯೇ ಇರುತ್ತದೆ.

ಗಡಿಗಳು ನಿಶ್ಚಲವಾಗಿ ನಿಂತರೆ ಏನಾಗುತ್ತದೆ ಎಂಬುದು ಸರ್ಕಾರಗಳಿಗೆ ಗೊತ್ತಿಲ್ಲವೆಂದಲ್ಲ. ಏಟು ತಮಗೆ ಬಿದ್ದಾಗ ಚೆನ್ನಾಗಿಯೇ ಗೊತ್ತಾಗುತ್ತದೆ. ವೃತ್ತಿ ತೆರಿಗೆಯನ್ನು ನೋಡಿ. ಒಬ್ಬರಿಂದ ವರ್ಷಕ್ಕೆ 2,500 ರೂಪಾಯಿಗಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ ಎಂಬ ಮಿತಿಯನ್ನು ಸಂವಿಧಾನಕ್ಕೆ ಸೇರಿಸಿದ್ದು 1988ರಲ್ಲಿ. ಅಂದಿನ 2,500 ಇಂದು ಏನೇನೂ ಅಲ್ಲ, ಆದ್ದರಿಂದ ಮಿತಿ ಏರಿಸಿ ಎಂದು ರಾಜ್ಯಗಳು ಕೇಳುತ್ತ ಬಂದಿವೆ, ಹಣಕಾಸು ಆಯೋಗವೂ ಶಿಫಾರಸು ಮಾಡಿದೆ. ನಮ್ಮ ಕರ್ನಾಟಕ ತಿಂಗಳಿಗೆ 200ರಂತೆ ವಸೂಲಿ ಮಾಡುತ್ತಿತ್ತು. ಹನ್ನೆರಡು ತಿಂಗಳಿಗೆ 2,400 ಮಾತ್ರ ಆಗುತ್ತದೆಂದು 2025ರಲ್ಲಿ ಕಾಯ್ದೆ ತಿದ್ದಿ, ಫೆಬ್ರವರಿ ಒಂದು ತಿಂಗಳಿಗೆ 300 ಮಾಡಿ, ಮಿತಿಯ ಕೊನೆಯ ರೂಪಾಯಿಯನ್ನೂ ಮುಟ್ಟಿತು. ರೂಪಾಯಿಯಲ್ಲಿ ಬರೆದ ಮಿತಿ ಬೆಲೆಯೊಂದಿಗೆ ಏರದಿದ್ದರೆ ಅನ್ಯಾಯ ಎಂಬ ತತ್ವ ಖಜಾನೆಗೆ ನೋವಾದಾಗ ಒಪ್ಪಿಗೆ, ತೆರಿಗೆದಾರನಿಗೆ ನೋವಾದಾಗ ‘ಪರಿಶೀಲಿಸಲಾಗುವುದು’.

ಸೂಚ್ಯಂಕ ತಂದ ದೇಶಗಳೇ ಅದನ್ನು ಬಿಟ್ಟುಕೊಟ್ಟಿಲ್ಲವೇ ಎಂಬ ಆರನೆಯ ವಾದಕ್ಕೆ ಚುಟುಕಾಗಿ ಉತ್ತರಿಸಬಹುದು. ಬಿಟ್ಟುಕೊಟ್ಟಿವೆ. ಆಸ್ಟ್ರೇಲಿಯಾ 1976ರಲ್ಲಿ ತಂದು ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಕೆನಡಾ 1974ರಲ್ಲಿ ತಂದು, 1986ರಲ್ಲಿ ಶೇ. 3ಕ್ಕಿಂತ ಮೇಲಿನ ಹಣದುಬ್ಬರಕ್ಕಷ್ಟೇ ಸೀಮಿತಗೊಳಿಸಿ, 2000ದಲ್ಲಿ ಪೂರ್ಣ ರೂಪಕ್ಕೆ ಮರಳಿತು. ಬ್ರಿಟನ್ನಿನಲ್ಲಿ 1977ರಲ್ಲಿ ಜೆಫ್ ರೂಕರ್ ಮತ್ತು ಆಡ್ರಿ ವೈಸ್ ಎಂಬ ಆಡಳಿತ ಪಕ್ಷದ್ದೇ ಇಬ್ಬರು ಹಿಂಬದಿ ಸಾಲಿನ ಸಂಸದರು ತಮ್ಮ ಸರ್ಕಾರದ ಇಚ್ಛೆಗೆ ವಿರುದ್ಧವಾಗಿ ತಿದ್ದುಪಡಿ ಗೆಲ್ಲಿಸಿ ಇದನ್ನು ತಂದರು. 2021ರಿಂದ ಅಲ್ಲಿಯೂ ಗಡಿಗಳನ್ನು ಸ್ಥಗಿತಗೊಳಿಸಲಾಗಿದೆ. ಆದರೆ ಹಾಗೆ ಸ್ಥಗಿತಗೊಳಿಸಲು ಅಲ್ಲಿನ ಸರ್ಕಾರ ಮಸೂದೆ ತರಬೇಕಾಯಿತು, ‘ಇದು ಮರೆಮಾಚಿದ ತೆರಿಗೆ’ ಎಂದು ವಿರೋಧಿಗಳಿಂದಲೂ ಪತ್ರಿಕೆಗಳಿಂದಲೂ ಬೈಸಿಕೊಳ್ಳಬೇಕಾಯಿತು. ನಮ್ಮಲ್ಲಿ ಅದೇ ಕೆಲಸಕ್ಕೆ ಏನೂ ಮಾಡಬೇಕಿಲ್ಲ, ಸುಮ್ಮನಿದ್ದರೆ ಸಾಕು. ಸೂಚ್ಯಂಕ ತೆರಿಗೆ ಏರಿಸುವ ಅಧಿಕಾರವನ್ನು ಕಿತ್ತುಕೊಳ್ಳುವುದಿಲ್ಲ, ಬಾಯಿಬಿಟ್ಟು ಏರಿಸಿ ಎನ್ನುತ್ತದೆ.

ಕೊನೆಯ ವಾದ ಆಡಳಿತಾತ್ಮಕ ತೊಡಕಿನದು. ಯಾವ ಸೂಚ್ಯಂಕ ಬಳಸಬೇಕು, ಯಾರು ಲೆಕ್ಕ ಹಾಕಬೇಕು, ಇದಕ್ಕೆ ಕಾನೂನಿನಲ್ಲಿ ಏರ್ಪಾಡು ಎಲ್ಲಿದೆ? ಈ ಪ್ರಶ್ನೆಗಾಗಿ ನಾನು ಕಾಯುತ್ತಿದ್ದೆ. ಬಂಡವಾಳ ಲಾಭದ ತೆರಿಗೆಗಾಗಿ 1992ರಲ್ಲೇ ವೆಚ್ಚ ಹಣದುಬ್ಬರ ಸೂಚ್ಯಂಕವನ್ನು ಆದಾಯ ತೆರಿಗೆ ಕಾಯ್ದೆಗೆ ಸೇರಿಸಲಾಯಿತು. ಮೂವತ್ತು ವರ್ಷಕ್ಕೂ ಮೇಲೆ ಇಲಾಖೆ ಅದನ್ನು ವರ್ಷ ತಪ್ಪದೆ ಪ್ರಕಟಿಸಿದೆ, ಯಾವ ಅಧಿಕಾರಿಯೂ ಲೆಕ್ಕ ಬರದೆ ಒದ್ದಾಡಿದ್ದಿಲ್ಲ. ಅದೂ ಕೈ ಬಿಗಿಹಿಡಿದ ಸೂಚ್ಯಂಕ: ನಗರ ಪ್ರದೇಶದ ಬೆಲೆ ಏರಿಕೆಯ ಮುಕ್ಕಾಲು ಪಾಲನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಹುಬ್ಬಳ್ಳಿಯ ವೈದ್ಯರ ಲೆಕ್ಕವನ್ನು ನಾನು ಹಾಕಿದ್ದು ಸರ್ಕಾರದ ಪರವಾಗಿ ವಾಲಿದ ಈ ತಕ್ಕಡಿಯಲ್ಲೇ.

ಇದನ್ನು ಬೇರೆಡೆ ಬಳಸಿದ ಉದಾಹರಣೆ ಬೇಕೆ? 2018ರ ಹಣಕಾಸು ಕಾಯ್ದೆಯ ಮೂಲಕ ಸಂಸದರ ವೇತನವನ್ನು ಇದೇ ಸೂಚ್ಯಂಕಕ್ಕೆ, ಆದಾಯ ತೆರಿಗೆ ಕಾಯ್ದೆಯ 48ನೆಯ ಸೆಕ್ಷನ್ನಿನ ಇದೇ ಅಂಕಿಗೆ ಜೋಡಿಸಲಾಯಿತು. ಐದು ವರ್ಷಕ್ಕೊಮ್ಮೆ ಅದು ತಾನಾಗಿ ಏರಬೇಕು. 2018-19ರಲ್ಲಿ ಸೂಚ್ಯಂಕ 280, 2023-24ರಲ್ಲಿ 348, ಏರಿಕೆ ಶೇ. 24. 2025ರ ಮಾರ್ಚ್‌ನಲ್ಲಿ ಅಧಿಸೂಚನೆ ಹೊರಬಿತ್ತು. ತಿಂಗಳಿಗೆ 1,00,000 ಇದ್ದ ವೇತನ 1,24,000 ಆಯಿತು, ಅದೂ 2023ರ ಏಪ್ರಿಲ್ 1ರಿಂದ ಪೂರ್ವಾನ್ವಯವಾಗಿ. ಇದರಲ್ಲಿ ನನಗೆ ಅಸೂಯೆಯಿಲ್ಲ. ಸಂಸದರು ಪ್ರತಿ ಸಲ ತಮ್ಮ ಸಂಬಳವನ್ನು ತಾವೇ ಏರಿಸಿಕೊಳ್ಳುವ ಮುಜುಗರಕ್ಕಿಂತ ಇದು ಎಷ್ಟೋ ವಾಸಿ. ಆದರೆ ಆ ಅಂಕಿ ಸಂಸದರ ಸಂಬಳಕ್ಕೆ ನಂಬಲರ್ಹವಾಗಿ, ಮತದಾರರ ಸ್ಲ್ಯಾಬಿಗೆ ಬಂದಾಗ ಮಾತ್ರ ತೊಡಕಿನದಾಗುವುದು ಹೇಗೆ? ತೆರಿಗೆ ಕಾಯ್ದೆಯಿಂದ ವೇತನ ಕಾಯ್ದೆಗೆ ಪ್ರಯಾಣ ಮಾಡಿದ ಸೂಚ್ಯಂಕಕ್ಕೆ ಅದೇ ತೆರಿಗೆ ಕಾಯ್ದೆಯೊಳಗೆ ನಾಲ್ಕು ಪುಟ ದಾಟಲು ಅಡ್ಡ ಬಂದದ್ದು ಯಾವುದು?

ಉಳಿದದ್ದು ಒಂದು ಚಿಲ್ಲರೆ ಆಕ್ಷೇಪ. ಸೂಚ್ಯಂಕ ಬಂದರೆ 4 ಲಕ್ಷ, 8 ಲಕ್ಷದಂಥ ದುಂಡು ಸಂಖ್ಯೆಗಳು ಹೋಗಿ 4,14,000ದಂಥ ವಿಚಿತ್ರ ಅಂಕಿಗಳು ಬರುತ್ತವೆ, ಜನಸಾಮಾನ್ಯರಿಗೆ ನೆನಪಿರುವುದಿಲ್ಲ ಎಂದು. ಅಮೆರಿಕದಲ್ಲಿ 2025ಕ್ಕೆ ಒಂಟಿ ತೆರಿಗೆದಾರರ ಮೊದಲ ಗಡಿ 11,925 ಡಾಲರ್, ಎರಡನೆಯದು 48,475. ಅಲ್ಲಿಯ ಜನ ರಿಟರ್ನ್ ತುಂಬುವುದನ್ನೇನೂ ನಿಲ್ಲಿಸಿಲ್ಲ. ನಮ್ಮವರ ನೆನಪಿನ ಶಕ್ತಿಯ ಬಗ್ಗೆಯೂ ಇಷ್ಟು ಚಿಂತೆ ಬೇಡ. 2025ರ ಫೆಬ್ರವರಿ 1ರಂದು ಬಜೆಟ್ ಭಾಷಣ ಮುಗಿದು ಸಂಜೆಯಾಗುವಷ್ಟರಲ್ಲಿ, ಸ್ಟ್ಯಾಂಡರ್ಡ್ ಡಿಡಕ್ಷನ್ ಎಂದರೇನೆಂದು ಅದುವರೆಗೆ ಕೇಳಿರದವರೂ 12,75,000 ಎಂಬ ಸಂಖ್ಯೆಯನ್ನು ತಡವರಿಸದೆ ಹೇಳುತ್ತಿದ್ದರು.